ಹವಾ ಮಹಲ್‌ನ ಜಾಲಿ ನಿಜವಾಗಿ ಎಸಿ ಥರ ಕೆಲಸ ಮಾಡುತ್ತಾ?

ಪಯಣಪ್ರಿಯೆ
ಮೇ ತಿಂಗಳಲ್ಲಿ ಜೈಪುರಕ್ಕೆ ಹೋಗಬೇಡಿ ಅಂತ ಎಲ್ಲರೂ ಹೇಳಿದ್ದರು. ಮಕ್ಕಳಿಗೆ ರಜೆ ಸಿಗುವುದೇ ಆಗ, ಏನು ಮಾಡುವುದು, ಹೋದೆವು. ಬೆಳಿಗ್ಗೆ ಹತ್ತು ಗಂಟೆಗೇ ಬೀದಿಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆದರೆ ಹವಾ ಮಹಲ್‌ನ ಮೇಲಿನ ಅಂತಸ್ತಿಗೆ ಹತ್ತಿ ತೂತು ಕೊರೆದ ಕಲ್ಲಿನ ಜಾಲಿ ಪಕ್ಕ ನಿಂತಾಗ ಜೀವ ಬಂದ ಹಾಗಾಯಿತು.

ನಮ್ಮ ಗೈಡ್ ಹೇಳಿದ್ದು ಹೀಗೆ: ಇಲ್ಲಿ 953 ಕಿಟಕಿಗಳಿವೆ, ಸಣ್ಣ ಸಣ್ಣ ತೂತುಗಳಲ್ಲಿ ಗಾಳಿ ನುಗ್ಗುವಾಗ ಅದು ತಾನಾಗಿ ತಣ್ಣಗಾಗುತ್ತದೆ, ಇದಕ್ಕೆ ವೆಂಚುರಿ ಅಂತಾರೆ, ಇದು 1799ರ ಎಸಿ. ನಮ್ಮ ಮನೆಯವರು ಪಕ್ಕದಲ್ಲಿ ತಲೆ ಅಲ್ಲಾಡಿಸುತ್ತಿದ್ದರು. ಯಾಕೆ ಅಂತ ಕೇಳಿದರೆ "ಹಾಗೆಲ್ಲ ಆಗಲ್ಲ" ಅಂದರು, ಅಷ್ಟೇ. ವಿವರ ಇಲ್ಲ.

ಇನ್ನೊಂದು ವಿಷಯ. ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲು. ಒಳಗೆ ಬೆಳಕು ಚೆನ್ನಾಗಿಯೇ ಇತ್ತು, ಟಿಕೆಟ್ ಮೇಲಿನ ಸಣ್ಣ ಅಕ್ಷರ ಓದಬಹುದಿತ್ತು, ಆದರೆ ಕಣ್ಣಿಗೆ ಹಿತವಾಗಿತ್ತು. ತೂತು ಕೊರೆದ ಕಲ್ಲು ಇಷ್ಟೆಲ್ಲ ಮಾಡುತ್ತಾ? ಗೊತ್ತಿದ್ದವರು ಹೇಳಿ.

ನಿವೃತ್ತಮೇಷ್ಟ್ರು
ನಿಮ್ಮ ಗೈಡ್ ಹೇಳಿದ್ದು ಸರಿ ಇದೆ ತಾಯಿ. ಈಗಲೇ ಪರೀಕ್ಷೆ ಮಾಡಿ. ಬಾಯಿ ಅಗಲಿಸಿ ಅಂಗೈ ಮೇಲೆ "ಹಾ" ಅಂತ ಉಸಿರು ಬಿಡಿ, ಬಿಸಿ. ತುಟಿ ಸಣ್ಣಗೆ ಮಾಡಿ "ಫೂ" ಅಂತ ಊದಿ, ತಂಪು. ಅದೇ ಬಾಯಿ, ಅದೇ ಉಸಿರು. ಕಿರಿದಾದ ಜಾಗದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಉಷ್ಣತೆಯೂ ಇಳಿಯುತ್ತದೆ. ನಾನು ಇದನ್ನು ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದೇನೆ.

ಸುಮ್ನಿರಿ_ಸಾರ್
ಹಾಗಾದರೆ ಇಡ್ಲಿ ತಟ್ಟೆ ಮುಂದೆ ಫ್ಯಾನ್ ಇಟ್ಟರೆ ಎಸಿ 😄

ಗಾಳಿಲೆಕ್ಕ
ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಅರ್ಧ ಸರಿ. ವೇಗ ಹೆಚ್ಚಿದರೆ ಉಷ್ಣತೆ ಇಳಿಯುತ್ತದೆ, ಒಪ್ಪಿದೆ. ಎಷ್ಟು ಇಳಿಯುತ್ತದೆ ಅನ್ನುವುದು ಪ್ರಶ್ನೆ. ಲೆಕ್ಕ ಸುಲಭ. ಗಾಳಿಯ ವೇಗದ ವರ್ಗವನ್ನು ಸುಮಾರು 2000ದಿಂದ ಭಾಗಿಸಿ. ತೂತಿನಲ್ಲಿ ಗಾಳಿ ಸೆಕೆಂಡಿಗೆ 5 ಮೀಟರ್ ಹೋಗುತ್ತಿದೆ ಅಂತಿಟ್ಟುಕೊಳ್ಳಿ, ಅದು ಒಳ್ಳೆ ಗಾಳಿಯೇ. 25ನ್ನು 2000ದಿಂದ ಭಾಗಿಸಿದರೆ 0.01 ಡಿಗ್ರಿ ಚಿಲ್ಲರೆ. ವೇಗ ಎರಡರಷ್ಟು ಮಾಡಿದರೂ 0.05 ಡಿಗ್ರಿ. ಯಾವ ಚರ್ಮಕ್ಕೂ ಅದು ಗೊತ್ತಾಗುವುದಿಲ್ಲ. ಅದೂ ತೂತಿನಿಂದ ಹೊರಬಂದು ವೇಗ ಇಳಿದ ಕೂಡಲೇ ಆ ಚಿಲ್ಲರೆಯೂ ವಾಪಸ್.

"ಫೂ" ತಂಪಾಗುವುದಕ್ಕೆ ಕಾರಣ ಬೇರೆ. ಉಸಿರು ಸುಮಾರು 34 ಡಿಗ್ರಿ ಇರುತ್ತದೆ. ಸಣ್ಣ ತುಟಿಯಿಂದ ಜೋರಾಗಿ ಬಂದ ಉಸಿರು ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಅಂಗೈಗೆ ತಲುಪುವ ಹೊತ್ತಿಗೆ ಅದರಲ್ಲಿ ಉಸಿರಿಗಿಂತ ಕೋಣೆಯ ಗಾಳಿಯೇ ಜಾಸ್ತಿ. ನಿಮ್ಮ ಕೋಣೆ 26 ಡಿಗ್ರಿ ಇದ್ದರೆ ತಂಪು ಅನ್ನಿಸುತ್ತದೆ. ಇದೇ ಪರೀಕ್ಷೆಯನ್ನು 42 ಡಿಗ್ರಿಯ ಅಂಗಳದಲ್ಲಿ ಮಾಡಿ, ಎಳೆದುಕೊಳ್ಳುವುದೂ ಬಿಸಿ ಗಾಳಿಯನ್ನೇ.

ಬಾಂಗ್ಲಾದೇಶದ ಪ್ಲಾಸ್ಟಿಕ್ ಬಾಟಲಿ ಕೂಲರ್ ಅಂತ ಒಂದು ವಿಡಿಯೋ ಓಡಾಡಿತ್ತಲ್ಲ, ಅದರಲ್ಲೂ ಇದೇ ವಾದ, ಇದೇ ತಪ್ಪು.

ನಿವೃತ್ತಮೇಷ್ಟ್ರು
ನಿಮ್ಮ ಲೆಕ್ಕ ನೋಡಿದೆ. ಆದರೂ ಆ ಮಹಿಳೆಗೆ ಅಲ್ಲಿ ತಂಪಾಗಿದ್ದು ಸುಳ್ಳೇ? ಅನುಭವಕ್ಕಿಂತ ಲೆಕ್ಕ ದೊಡ್ಡದೇ? ವೇಗ ಹೆಚ್ಚುತ್ತದೆ ಅಂತ ನೀವೇ ಒಪ್ಪಿದ್ದೀರಿ. ಬೆವರಿದ ಮೈಗೆ ವೇಗದ ಗಾಳಿ ತಾಗಿದರೆ ತಂಪಾಗುವುದಿಲ್ಲವೇ?

ಗಾಳಿಲೆಕ್ಕ
ಆಗುತ್ತದೆ ಸಾರ್, ಅದು ಸರಿಯಾದ ಮಾತು. ಆದರೆ ಅಲ್ಲಿ ಗಾಳಿ ತಣ್ಣಗಾಗುವುದಿಲ್ಲ, ಬೆವರು ಆರಿ ಮೈ ತಣ್ಣಗಾಗುತ್ತದೆ. ಎರಡೂ ಬೇರೆ ಬೇರೆ. ಥರ್ಮಾಮೀಟರ್‌ಗೆ ಬೆವರಿಲ್ಲ, ಅದು ಜಾಲಿಯ ಎರಡೂ ಕಡೆ ಒಂದೇ ಅಂಕಿ ತೋರಿಸುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಪೈಪಿನಲ್ಲಾದರೆ ಗಾಳಿಗೆ ಬೇರೆ ದಾರಿ ಇಲ್ಲ, ಕಿರಿದಾದ ಜಾಗದಲ್ಲಿ ಓಡಲೇಬೇಕು. ಕಟ್ಟಡದ ಮುಂದೆ ಗಾಳಿಗೆ ದಾರಿ ಬೇಕಾದಷ್ಟಿದೆ, ಅಡ್ಡಿ ಸಿಕ್ಕರೆ ಪಕ್ಕದಿಂದ, ಮೇಲಿಂದ ಸುತ್ತಿ ಹೋಗುತ್ತದೆ. ಹಾಗಾಗಿ ಪೂರ್ತಿ ತೆರೆದ ಕಿಟಕಿಗೆ ಹೋಲಿಸಿದರೆ ಜಾಲಿಯಿಂದ ಕೋಣೆಗೆ ಬರುವ ಒಟ್ಟು ಗಾಳಿ ಕಮ್ಮಿಯೇ. ತೂತಿನ ಬಾಯಿ ಹತ್ತಿರ ಮಾತ್ರ ಅದು ಚುರುಕಾಗಿರುತ್ತದೆ. ಒಂದು ಮಾರು ಹಿಂದೆ ಸರಿದರೆ ಆ ಎಲ್ಲ ಸಣ್ಣ ಧಾರೆಗಳೂ ಒಂದಕ್ಕೊಂದು ಬೆರೆತು ಸಪ್ಪೆಯಾಗುತ್ತವೆ. ಹವಾ ಮಹಲ್‌ನಲ್ಲಿ ರಾಣಿವಾಸದವರು ಬೀದಿ ಮೆರವಣಿಗೆ ನೋಡಲು ಜಾಲಿಗೆ ಮುಖ ಒತ್ತಿಯೇ ಕೂರುತ್ತಿದ್ದರು. ಅವರಿಗೆ ಆ ಚುರುಕು ಗಾಳಿಯ ಲಾಭ ನಿಜವಾಗಿ ಸಿಕ್ಕಿರಬಹುದು. ಹಿಂದೆ ನಿಂತ ದಾಸಿಯರಿಗೆ ಇಲ್ಲ 🙂

ಕ್ಯಾಮೆರಾಕಣ್ಣು
ಅದು ಬರೀ ಒಂದು ಕೋಣೆ ಅಗಲದ ಕಟ್ಟಡ ಅನ್ನುವುದನ್ನು ಯಾರೂ ಹೇಳುತ್ತಿಲ್ಲ. ಮುಂದಿನಿಂದ ನೋಡಿದರೆ ದೊಡ್ಡ ಅರಮನೆ. ಮೇಲಿನ ಮೂರು ಅಂತಸ್ತು ಒಂದೇ ಕೋಣೆಯಷ್ಟು ದಪ್ಪ. ಹಿಂದೆ ಅಂಗಳ. ಬಾಗಿಲು ಕೂಡ ಹಿಂದಿನಿಂದಲೇ. ಫೋಟೋ ತೆಗೆಯಲು ಹಿಂದೆ ಸರಿಯೋಣ ಅಂದರೆ ಗೋಡೆ ಬೆನ್ನಿಗೆ ತಾಗುತ್ತದೆ.

ಗಾಳಿಲೆಕ್ಕ
ಸರಿಯಾಗಿ ಹೇಳಿದಿರಿ, ನನ್ನ ಪ್ರಕಾರ ಗಾಳಿಯ ವಿಷಯದಲ್ಲಿ ಅದೇ ಮುಖ್ಯ. ಒಂದು ಕಡೆ ಎಷ್ಟೇ ತೂತು ಮಾಡಿ, ಎದುರು ಕಡೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಗಾಳಿ ಅಷ್ಟಾಗಿ ಬರುವುದಿಲ್ಲ. ಹವಾ ಮಹಲ್ ತೆಳ್ಳಗಿದೆ, ಎರಡೂ ಕಡೆ ತೆರೆದಿದೆ, ಎತ್ತರದಲ್ಲಿದೆ. ಹೆಸರಿಗೆ ತಕ್ಕ ಗಾಳಿ ಬರುವುದು ಅದರಿಂದ. ತೂತಿನ ಗಾತ್ರದ ಮಹಿಮೆ ಆಮೇಲಿನದು.

ಪಿಂಕ್‌ಸಿಟಿ_ಕನ್ನಡಿಗ
ಕೆಲಸದ ಮೇಲೆ ಜೈಪುರದಲ್ಲೇ ಇದ್ದೇನೆ. ಒಂದು ವಿಷಯ ಸೇರಿಸುತ್ತೇನೆ. ಹವಾ ಮಹಲ್‌ನ ಆ ಪ್ರಸಿದ್ಧ ಮುಖ ಪೂರ್ವಕ್ಕಿದೆ. ಇಲ್ಲಿ ಬೇಸಿಗೆಯಲ್ಲಿ ಲೂ ಅನ್ನುವ ಒಣ ಬಿಸಿ ಗಾಳಿ ಬೀಸುವುದು ಪಶ್ಚಿಮದಿಂದ. ಅಂದರೆ ಗಾಳಿ ಹಿಂದಿನ ಅಂಗಳದ ಕಡೆಯಿಂದ ಬಂದು ಜಾಲಿಯ ಮೂಲಕ ಬೀದಿಗೆ *ಹೊರಗೆ* ಹೋಗಬೇಕು. ಗೈಡ್‌ಗಳೆಲ್ಲ ಉಲ್ಟಾ ಹೇಳುತ್ತಾರೆ.

ಮತ್ತೆ ಮೇ ಮಧ್ಯಾಹ್ನ ಲೂ ಬೀಸುವಾಗ ಇಲ್ಲಿ ಯಾರೂ ಕಿಟಕಿ ತೆಗೆಯುವುದಿಲ್ಲ. 43 ಡಿಗ್ರಿ ಗಾಳಿ ಒಳಗೆ ಬಿಟ್ಟುಕೊಂಡರೆ ಮನೆ ಒಲೆಯಾಗುತ್ತದೆ. ಹನ್ನೊಂದಕ್ಕೆ ಮುಚ್ಚಿದರೆ ಸಂಜೆ ಕಳೆದ ಮೇಲೆ ತೆಗೆಯುವುದು. ನಮ್ಮ ಊರಿನಲ್ಲಿ ಸೆಖೆಯಾದರೆ ಮೊದಲು ಕಿಟಕಿ ತೆಗೆಯುತ್ತೇವೆ. ಇಲ್ಲಿ ಬಂದ ಮೊದಲ ಬೇಸಿಗೆಯಲ್ಲಿ ನನ್ನ ಹೆಂಡತಿಗೂ ಮನೆ ಓನರ್ ಅಮ್ಮನಿಗೂ ಇದೇ ವಿಷಯಕ್ಕೆ ದಿನಾ ಜಗಳ.

ಪಯಣಪ್ರಿಯೆ
ಆದರೆ ನನಗೆ ಗಾಳಿ ಬೀದಿ ಕಡೆಯಿಂದಲೇ ಮುಖಕ್ಕೆ ಬಂತಲ್ಲ. ನನ್ನ ಮಗಳ ಕೂದಲು ಒಳಗಡೆಗೆ ಹಾರುತ್ತಿತ್ತು, ಫೋಟೋ ಇದೆ.

ಪಿಂಕ್‌ಸಿಟಿ_ಕನ್ನಡಿಗ
ಬೆಳಿಗ್ಗೆ ಲೂ ಇನ್ನೂ ಶುರುವಾಗಿರುವುದಿಲ್ಲ. ಗಾಳಿ ದಿಕ್ಕು ಹೇಗೆ ಬೇಕಾದರೂ ಇರಬಹುದು.

ಗಾಳಿಲೆಕ್ಕ
ಬೀದಿಯಲ್ಲಿ ಸುಳಿದಾಡುವ ಗಾಳಿಯೂ ಇರುತ್ತದೆ, ಎದುರು ಕಟ್ಟಡಕ್ಕೆ ಬಡಿದು ವಾಪಸ್ ಬರುವುದೂ ಉಂಟು. ಮುಂದಿನ ಸಲ ಹೋಗುವವರು ಒಂದು ಊದುಬತ್ತಿ... ಬೇಡ, ಸ್ಮಾರಕದ ಒಳಗೆ ಬೆಂಕಿ ಹಚ್ಚಿದರೆ ಹೊರಗೆ ಹಾಕುತ್ತಾರೆ. ತೆಳು ದಾರ ಅಥವಾ ಟಿಶ್ಯೂ ಪೇಪರಿನ ಸಣ್ಣ ಪಟ್ಟಿ ಹಿಡಿದು ನೋಡಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ. ನನಗೂ ಕುತೂಹಲ ಇದೆ.

ಉಳಿಸುತ್ತಿಗೆ
ನೀವೆಲ್ಲ ಗಾಳಿ ಗಾಳಿ ಅಂತಿದ್ದೀರಿ. ಜಾಲಿ ಮೊದಲು ಮಾಡುವುದು ನೆರಳು. ನಾನು ಕಲ್ಲಿನ ಕೆಲಸದವನು, ರಾಜಸ್ಥಾನದ ಕೆಲಸಗಾರರ ಜೊತೆ ಜಾಲಿ ಕೊರೆದಿದ್ದೇನೆ. ಅಲ್ಲಿ ಹಳೆಯ ಜಾಲಿ ಮುಟ್ಟಿ ನೋಡಿ, ಕಲ್ಲು ಗಟ್ಟಿ ದಪ್ಪ ಇರುತ್ತದೆ. ಎರಡು ಇಂಚು ಸಾಮಾನ್ಯ. ತೂತು ಅದಕ್ಕಿಂತ ದೊಡ್ಡದಿರುವುದು ಅಪರೂಪ. ಅಂದರೆ ಒಂದೊಂದು ತೂತೂ ಒಂದು ಪುಟ್ಟ ಸುರಂಗ. ಸೂರ್ಯ ಮೇಲೆ ಬಂದ ಹಾಗೆ ಬಿಸಿಲು ಆ ಸುರಂಗದ ತಳಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ.

ಈಗ ಸಿಎನ್‌ಸಿ ಯಂತ್ರದಲ್ಲಿ ಕೊರೆದು ಕೊಡುವುದು ಅರ್ಧ ಇಂಚಿನ ಹಲಗೆ. ದೂರದಿಂದ ಡಿಸೈನ್ ಅದೇ. ಆದರೆ ತೂತಿಗೆ ಆಳವೇ ಇಲ್ಲ. ಗಿರಾಕಿ "ಜಾಲಿ ಹಾಕಿಸಿದರೂ ಬಿಸಿಲು ಬರುತ್ತೆ" ಅಂತ ಬೈಯುತ್ತಾನೆ.

ಕಲಬುರಗಿ_ಬಿಸಿಲು
ಅಣ್ಣಾರ, ಆ ಗಿರಾಕಿ ನಾನೇ ಇರಬೇಕು 😅 ನಮ್ಮ ಮನೆ ಪಡಸಾಲೆ ಪಶ್ಚಿಮಕ್ಕಿದೆ. ಹೋದ ವರ್ಷ ಕಿಟಕಿಗೆ ಲೇಸರ್ ಕಟ್ ಕಬ್ಬಿಣದ ಜಾಲಿ ಹಾಕಿಸಿದೆ, ಮುಘಲ್ ಡಿಸೈನ್ ಅಂತ ಜಾಸ್ತಿ ದುಡ್ಡು ಬೇರೆ ಕೊಟ್ಟೆ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆಗೆ ನೆಲದ ತುಂಬ ಚಂದದ ಚಿತ್ತಾರ ಬೀಳುತ್ತದೆ. ಚಂದ ಐತಿ, ಆದರೆ ಕೂರಲಿಕ್ಕೆ ಆಗುವುದಿಲ್ಲ. ಜಾಲಿ ಕೈಲಿ ಮುಟ್ಟಿದರೆ ಚುರ್ ಅಂತದ. ಏನು ತಪ್ಪಾಗಿದೆ ನೋಡ್ರಿ.

ಗಾಳಿಲೆಕ್ಕ
ನೆಲದ ಮೇಲೆ ಚಿತ್ತಾರ ಬೀಳುತ್ತಿದೆ ಅಂದರೆ ನೇರ ಬಿಸಿಲು ಒಳಗೆ ಬರುತ್ತಿದೆ ಅಂತ ಅರ್ಥ. ಪ್ರವಾಸಿಗರು ಆ ಚಿತ್ತಾರಕ್ಕೆ ಮರುಳಾಗುತ್ತಾರೆ, ಆದರೆ ಬೇಸಿಗೆಯಲ್ಲಿ ಅದು ಜಾಲಿ ಸೋತ ಗುರುತು.

ಮೊದಲು ಪಯಣಪ್ರಿಯೆ ಅವರ ಲೆಕ್ಕ ಮಾಡೋಣ, ಆಮೇಲೆ ನಿಮ್ಮದು. ಕಲ್ಲಿನ ದಪ್ಪವೂ ತೂತಿನ ಎತ್ತರವೂ ಒಂದೇ, 5 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಎದುರಿನಿಂದ ಬರುವ ಸೂರ್ಯ 45 ಡಿಗ್ರಿಗಿಂತ ಮೇಲಿದ್ದರೆ ನೇರ ಕಿರಣ ಒಂದೂ ಒಳಗೆ ಬರುವುದಿಲ್ಲ. ಮೇ ಮಧ್ಯದಲ್ಲಿ ಜೈಪುರದಲ್ಲಿ ಬೆಳಿಗ್ಗೆ 8ಕ್ಕೆ ಸೂರ್ಯ ಪೂರ್ವದಲ್ಲಿ ಸುಮಾರು 30 ಡಿಗ್ರಿ ಎತ್ತರ. ಆಗ ಬಿಸಿಲು ತೂರಿ ಬರುತ್ತದೆ. 9 ದಾಟಿದ ಸ್ವಲ್ಪ ಹೊತ್ತಿಗೆ 45. ಇವರು ಹೋದ 10 ಗಂಟೆಗೆ 56. ಅಂದರೆ ಬೀದಿಯಲ್ಲಿ ಉರಿ ಬಿಸಿಲು, ಜಾಲಿ ಒಳಗೆ ನೇರ ಬಿಸಿಲು ಸೊನ್ನೆ. ಮಧ್ಯಾಹ್ನದ ಮೇಲೆ ಸೂರ್ಯ ಕಟ್ಟಡದ ಹಿಂದಕ್ಕೆ ಹೋಗುತ್ತಾನೆ, ಈ ಮುಖಕ್ಕೆ ಬಿಸಿಲೇ ಇಲ್ಲ. ನನ್ನ ಅಂದಾಜಿನಲ್ಲಿ ಅವರಿಗೆ ಜೀವ ಬಂದ ಹಾಗಾಗಿದ್ದರ ದೊಡ್ಡ ಪಾಲು ಇದು. ಬೀದಿಯಲ್ಲಿ ಮೈಗೆ ಬಿಸಿಲು ಹೊಡೆಯುತ್ತಿತ್ತು, ಕಾದ ನೆಲದ ಝಳವೂ ಇತ್ತು. ಒಳಗೆ ಎರಡೂ ತಪ್ಪಿತು, ಮೇಲೆ ಸ್ವಲ್ಪ ಗಾಳಿ. ಗಾಳಿಯ ಉಷ್ಣತೆ ಅಷ್ಟೇ ಇದ್ದರೂ ಮೈಗೆ ಅಗಾಧ ವ್ಯತ್ಯಾಸ.

ಈಗ ಕಲಬುರಗಿ. ಏಪ್ರಿಲ್ ಮಧ್ಯದಲ್ಲಿ ಸಂಜೆ 4:30ಕ್ಕೆ ಅಲ್ಲಿ ಸೂರ್ಯ ಸುಮಾರು 30 ಡಿಗ್ರಿ, ಹೆಚ್ಚುಕಮ್ಮಿ ನೇರ ಪಶ್ಚಿಮದಲ್ಲಿ. 30 ಡಿಗ್ರಿಗೆ 5 ಸೆಂ.ಮೀ. ದಪ್ಪದ ಕಲ್ಲು ತನ್ನ ತೂತಿನಲ್ಲಿ 2.9 ಸೆಂ.ಮೀ. ಮುಚ್ಚುತ್ತದೆ. ತೂತಿನ ನೂರರಲ್ಲಿ 42 ಪಾಲು ಬಿಸಿಲು ಒಳಗೆ. ನಿಮ್ಮ ತಗಡು ಎಷ್ಟು ದಪ್ಪ?

ಕಲಬುರಗಿ_ಬಿಸಿಲು
3 ಎಂಎಂ. ತೂತು ಎರಡು ಇಂಚಿನ ಮೇಲೇ.

ಗಾಳಿಲೆಕ್ಕ
3 ಎಂಎಂ ಆದರೆ ಮುಚ್ಚುವುದು 2 ಎಂಎಂ ಕೂಡ ಇಲ್ಲ. ತೂತಿನಷ್ಟೂ ಬಿಸಿಲು ಒಳಗೆ. ಜೊತೆಗೆ ಕಬ್ಬಿಣ ಕಾದು ಆ ಝಳವನ್ನೂ ನಿಮ್ಮ ಕಡೆಗೇ ಎಸೆಯುತ್ತಿದೆ. ಆದರೆ ಬೇಜಾರು ಮಾಡಿಕೊಳ್ಳಬೇಡಿ, ದಪ್ಪ ಕಲ್ಲು ಹಾಕಿಸಿದ್ದರೂ 5:30ಕ್ಕೆ ಸೂರ್ಯ 15 ಡಿಗ್ರಿಗೆ ಇಳಿಯುತ್ತಾನೆ, ಆಗ ಕಲ್ಲಿನಲ್ಲೂ 73 ಪಾಲು ಬಿಸಿಲು ದಾಟುತ್ತದೆ. ಇಳಿ ಬಿಸಿಲಿಗೆ ಜಾಲಿ ಒಂದನ್ನೇ ನಂಬಬಾರದು.

ನಿವೃತ್ತಮೇಷ್ಟ್ರು
ಹಾಗಾದರೆ ತೂತು ಇನ್ನೂ ಸಣ್ಣದು ಮಾಡಿದರಾಯಿತಲ್ಲ. 2 ಸೆಂಟಿಮೀಟರ್ ತೂತು, 5 ಸೆಂಟಿಮೀಟರ್ ದಪ್ಪ.

ಉಳಿಸುತ್ತಿಗೆ
ಮಾಡಬಹುದು ಸಾರ್. ಆದರೆ ಕಲ್ಲಿನಲ್ಲಿ ತೂತು ಮತ್ತು ತೂತಿನ ನಡುವೆ ಇಷ್ಟು ಅಂತ ಎಳೆ ಬಿಡಲೇಬೇಕು, ಇಲ್ಲದಿದ್ದರೆ ಉಳಿ ಏಟಿಗೆ ಮುರಿಯುತ್ತದೆ. ತೂತು ಸಣ್ಣದಾದ ಹಾಗೆ ಎಳೆಯ ಪಾಲು ಜಾಸ್ತಿ, ತೆರೆದ ಜಾಗ ಕಮ್ಮಿ. ಕೊನೆಗೆ ಗೋಡೆಯೇ ಆಗುತ್ತದೆ. ಮರಳುಗಲ್ಲಿನಲ್ಲಿ ಎಳೆ ದಪ್ಪ ಬೇಕು. ಅಮೃತಶಿಲೆ ಸಣ್ಣ ಎಳೆಯನ್ನು ತಾಳುತ್ತದೆ, ಅದಕ್ಕೇ ಫತೇಪುರ್ ಸಿಕ್ರಿಯ ಸಲೀಂ ಚಿಶ್ತಿ ದರ್ಗಾದಲ್ಲಿ ಬಿಳಿ ಕಲ್ಲನ್ನು ಅಷ್ಟು ನವಿರಾಗಿ ಕೊರೆಯಲು ಸಾಧ್ಯವಾಯಿತು. ಕೆಲಸ ಹೇಗೆ ಅಂದರೆ, ಮೊದಲು ಹಲಗೆಯ ಮೇಲೆ ಕೈವಾರದಲ್ಲಿ ನಕ್ಷೆ ಎಳೆಯುವುದು, ಪ್ರತಿ ತೂತಿಗೂ ನಡುವೆ ಬೈರಿಗೆಯಲ್ಲಿ ಕೊರೆಯುವುದು, ಆಮೇಲೆ ಸಣ್ಣ ಉಳಿಯಲ್ಲಿ ಅಂಚಿನವರೆಗೆ ಬಿಡಿಸಿಕೊಂಡು ಹೋಗುವುದು. ಕೊನೆಯ ತೂತುಗಳು ಬಂದಾಗ ಉಸಿರು ಬಿಗಿ ಹಿಡಿಯಬೇಕು. ಆಗ ಮುರಿದರೆ ತಿಂಗಳ ಕೆಲಸ ಹೋಯಿತು.

ಹಾಸನದ_ಹುಡುಗ
ನಮ್ಮ ಬೇಲೂರು ದೇವಸ್ಥಾನದ ಜಾಲಂದ್ರ ಏನು ಕಮ್ಮಿ? ವೀರಬಲ್ಲಾಳನ ಕಾಲದ್ದು. ಮುಘಲರು ಬರುವುದಕ್ಕೆ ಮುನ್ನೂರು ವರ್ಷ ಮೊದಲು. ಯಾರೂ ಅದರ ಹೆಸರು ಎತ್ತುವುದಿಲ್ಲ.

ಕ್ಯಾಮೆರಾಕಣ್ಣು
ಎತ್ತೋಣ. ಚೆನ್ನಕೇಶವ ಗುಡಿಯ ನವರಂಗ ಮೊದಲು ಸುತ್ತ ತೆರೆದೇ ಇತ್ತು, ಜಾಲಂದ್ರ ಆಮೇಲೆ ಕೂರಿಸಿದ್ದು. ಹೋದವರಿಗೆ ಗೊತ್ತು, ಒಳಗೆ ಕಂಬದ ಕೆತ್ತನೆ ನೋಡಲು ಲೈಟ್ ಹಾಕಿಸಬೇಕು. ಅಲ್ಲಿ ತೂತಿಗಿಂತ ಶಿಲ್ಪ ಮುಖ್ಯ, ಕೆಲವು ಹಲಗೆಗಳ ಮೇಲೆ ಪುರಾಣದ ಕಥೆಯೇ ಇದೆ. ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ ಅಕ್ಷರಗಳನ್ನೇ ಜಾಲಿ ಮಾಡಿದ್ದಾರೆ. ಒಂದೊಂದೂ ಬೇರೆ ಉದ್ದೇಶ. ಯಾರು ಮೊದಲು ಅನ್ನುವ ಜಗಳ ಇಲ್ಲಿ ಬೇಡ ಮಾರಾಯ್ರೇ.

ಪಯಣಪ್ರಿಯೆ ಅವರ ಬೆಳಕಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಕಣ್ಣಿಗೆ ಕಷ್ಟವಾಗುವುದು ಬೆಳಕು ಜಾಸ್ತಿ ಇರುವುದರಿಂದ ಮಾತ್ರ ಅಲ್ಲ. ಕತ್ತಲೆ ಗೋಡೆಯ ನಡುವೆ ಒಂದು ದೊಡ್ಡ ಬೆಳ್ಳಗಿನ ಆಕಾಶದ ತುಂಡು ಇದ್ದರೆ ಕಣ್ಣು ಎರಡಕ್ಕೂ ಹೊಂದಿಕೊಳ್ಳಲು ಒದ್ದಾಡುತ್ತದೆ. ಜಾಲಿ ಆ ತುಂಡನ್ನು ಚೂರು ಚೂರು ಮಾಡುತ್ತದೆ. ಎಲ್ಲೂ ದೊಡ್ಡ ಬಿಳಿ ಉಳಿಯುವುದಿಲ್ಲ.

ಎರಡನೆಯದು, ಕಲ್ಲಿನ ದಪ್ಪ ಇಲ್ಲೂ ಕೆಲಸ ಮಾಡುತ್ತದೆ. ಒಳಗೆ ನಿಂತು ನೇರ ನೋಡಿದರೆ ಬೀದಿ ಕಾಣುತ್ತದೆ, ತಲೆ ಎತ್ತಿ ಮೇಲಿನ ತೂತು ನೋಡಿದರೆ ಆಕಾಶ ಕಾಣುವುದಿಲ್ಲ, ತೂತಿನ ಒಳಗೋಡೆ ಕಾಣುತ್ತದೆ. ಆ ಒಳಗೋಡೆಗೆ ಬಿಸಿಲು ಬಡಿದು ಅದು ಮಂದವಾಗಿ ಹೊಳೆಯುತ್ತಿರುತ್ತದೆ. ನಾವು ಒಳಗೆ ನೋಡುವ ಬೆಳಕಿನ ಬಹುಪಾಲು ಹೀಗೆ ಒಂದು ಸಲ ಕಲ್ಲಿಗೆ ಬಡಿದು ಬಂದದ್ದು. ತೆಳು ತಗಡಿನಲ್ಲಿ ಈ ಒಳಗೋಡೆಯೇ ಇಲ್ಲ. ಅದಕ್ಕೇ ಕಲಬುರಗಿಯವರ ಜಾಲಿ ಎದುರು ಕೂತರೆ ಕಪ್ಪು ಬಿಳುಪು ಕಪ್ಪು ಬಿಳುಪು ಅಂತ ಕಣ್ಣು ನೋಯುತ್ತದೆ ಅಂತ ನನ್ನ ಊಹೆ. ಸರಿನಾ?

ಕಲಬುರಗಿ_ಬಿಸಿಲು
ಖರೇ. ಟಿವಿ ನೋಡಲಿಕ್ಕೂ ಆಗುವುದಿಲ್ಲ.

ಉಳಿಸುತ್ತಿಗೆ
ಕ್ಯಾಮೆರಾದವರು ಹೇಳಿದ್ದಕ್ಕೆ ಒಂದು ಮಾತು. ಒಳ್ಳೆ ಜಾಲಿಯಲ್ಲಿ ಎಳೆಯ ಅಂಚನ್ನು ಚೂಪಾಗಿ ಬಿಡುವುದಿಲ್ಲ, ಓರೆಯಾಗಿ ಸವರುತ್ತಾರೆ. ಆ ಓರೆ ಬೆಳಕು ಹಿಡಿಯುತ್ತದೆ. ಹೊಳೆಯುವ ತೂತಿಗೂ ಕಪ್ಪು ಎಳೆಗೂ ನಡುವೆ ಒಂದು ಬೂದು ಗೆರೆ ಬರುತ್ತದೆ. ನೋಡಲು ಅಂದ ಅಂತ ಮಾಡುತ್ತಾರೆ ಅಂದುಕೊಂಡಿದ್ದೆ, ಕಣ್ಣಿಗೂ ಆರಾಮ ಅಂತ ಕೆಲಸ ಮಾಡುತ್ತ ಕೂತಾಗ ಗೊತ್ತಾಗಿದ್ದು.

ಕಡಲತಡಿ
ಇದೆಲ್ಲ ಸರಿ, ಖಸ್ ತಟ್ಟಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಲಾವಂಚದ ಬೇರಿನ ತಟ್ಟಿಗೆ ನೀರು ಹಾಕಿ ಕಿಟಕಿಗೆ ಕಟ್ಟುತ್ತಿದ್ದರಂತೆ. ನಾನು ಮಂಗಳೂರಿನಲ್ಲಿ ಮಾಡಿ ನೋಡಿದೆ. ಪರಿಮಳ ಬಂತು, ತಂಪು ಬರಲಿಲ್ಲ. ಇನ್ನೂ ಜಾಸ್ತಿ ಬೆವರಿತು. ಅಂದರೆ ಅದೂ ಗೈಡ್ ಕಥೆಯೇ?

ಗಾಳಿಲೆಕ್ಕ
ಇಲ್ಲ, ಅದು ನಿಜ. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲೇ ನೀರು ಚಿಮುಕಿಸಿದ ಖಸ್ ಕೋಣೆಗಳ ಮಾತು ಇದೆ. ಗಾಳಿಯನ್ನು *ನಿಜವಾಗಿ* ತಣ್ಣಗೆ ಮಾಡುವುದು ಅದು, ಜಾಲಿಯಲ್ಲ. ನೀರು ಆವಿಯಾಗಲು ಗಾಳಿಯ ಬಿಸಿಯನ್ನು ತೆಗೆದುಕೊಳ್ಳುತ್ತದೆ. ಆದರೆ ಗಾಳಿ ಒಣಗಿರಬೇಕು. ಜೈಪುರದಲ್ಲಿ 42 ಡಿಗ್ರಿ, ತೇವಾಂಶ ನೂರಕ್ಕೆ 20 ಇದ್ದರೆ ಒದ್ದೆ ತಟ್ಟಿಯಿಂದ ಬರುವ ಗಾಳಿ ಹೆಚ್ಚೆಂದರೆ 24 ಡಿಗ್ರಿಯವರೆಗೆ ಇಳಿಯಬಹುದು. ಅಷ್ಟು ಪೂರ್ತಿ ಇಳಿಯುವುದಿಲ್ಲ, ಅರ್ಧ ದಾರಿ ಹೋದರೂ 33. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ 70. ಅಲ್ಲಿ ಕೊನೆಯ ಮಿತಿಯೇ 29. ಅರ್ಧ ದಾರಿ ಅಂದರೆ ಎರಡೂವರೆ ಡಿಗ್ರಿ, ಅದರ ಜೊತೆ ತೇವ ಬೇರೆ. ನೀವು ಬೆವರಿದ್ದು ಸಹಜ.

ದೆಹಲಿ ಕೆಂಪುಕೋಟೆಯ ಖಾಸ್ ಮಹಲ್‌ನಲ್ಲಿ ನಹರ್-ಇ-ಬಿಹಿಷ್ತ್ ಕಾಲುವೆ ಒಂದು ಅಮೃತಶಿಲೆಯ ಜಾಲಿಯ ಕೆಳಗೇ ಹರಿಯುವಂತೆ ಮಾಡಿದ್ದರು. ಆಮೇರ್ ಕೋಟೆಯ ಸುಖ್ ನಿವಾಸ್‌ನಲ್ಲೂ ಕೋಣೆಯೊಳಗೆ ನೀರು ಇಳಿಯುತ್ತಿತ್ತು. ಈಗ ನೀರು ನಿಂತಿದೆ, ಕಲ್ಲು ಉಳಿದಿದೆ. ಪ್ರವಾಸಿಗರು ಕಲ್ಲು ನೋಡಿ ತಂಪಿನ ಕೀರ್ತಿಯನ್ನೆಲ್ಲ ಅದಕ್ಕೇ ಕೊಡುತ್ತಾರೆ.

ಪಿಂಕ್‌ಸಿಟಿ_ಕನ್ನಡಿಗ
ಇಲ್ಲಿ ಕೂಲರ್ ಕೂಡ ಜೂನ್ ಕೊನೆವರೆಗೆ ಮಾತ್ರ. ಮಳೆ ಶುರುವಾದ ಮೇಲೆ ಅದೂ ಮಂಗಳೂರೇ.

ಸುಮ್ನಿರಿ_ಸಾರ್
ಜಾಲಿ ಒಳಗೆ ಪಾರಿವಾಳ ಗೂಡು ಕಟ್ಟುವ ಬಗ್ಗೆಯೂ ಒಂದು ಲೆಕ್ಕ ಹೇಳಿ ಗಾಳಿಲೆಕ್ಕದವರೇ.

ಪಯಣಪ್ರಿಯೆ
ಸಲೀಂ ಚಿಶ್ತಿ ದರ್ಗಾದ ಹೆಸರು ಬಂತಲ್ಲ, ಅಲ್ಲಿಗೂ ಹೋಗಿದ್ದೆವು. ಹರಕೆ ದಾರ ಕಟ್ಟಿ ಕಟ್ಟಿ ಜಾಲಿಯ ಕೆಳಗಿನ ತೂತುಗಳು ಮುಚ್ಚೇ ಹೋಗಿದ್ದವು. ಆದರೆ ಹೊರಗಿನ ಅಂಗಳದಲ್ಲಿ ಕಾಲಿಡಲಾಗದೆ ಕುಣಿಯುತ್ತಿದ್ದ ಮಕ್ಕಳು ಜಾಲಿ ದಾಟಿದ ಕೂಡಲೇ ಸುಮ್ಮನಾದರು. ಅಲ್ಲಿ ಗಾಳಿ ಅಷ್ಟೇನೂ ಇರಲಿಲ್ಲ.

ಗಾಳಿಲೆಕ್ಕ
ಒಳ್ಳೆ ಉದಾಹರಣೆ. ಅಲ್ಲಿ ಜಾಲಿ ಇರುವುದು ಸಮಾಧಿ ಕೋಣೆಯ ಗೋಡೆಯಲ್ಲಲ್ಲ, ಸುತ್ತಲಿನ ಪಡಸಾಲೆಯ ಹೊರ ಅಂಚಿನಲ್ಲಿ. ಬಿಸಿಲು ಮೊದಲು ಜಾಲಿಗೆ ಬಡಿಯುತ್ತದೆ. ಜಾಲಿ ಕಾದರೂ ಎರಡೂ ಕಡೆ ಗಾಳಿ ಆಡುವುದರಿಂದ ಆ ಬಿಸಿಯಲ್ಲಿ ಒಂದಷ್ಟು ಹಾಗೇ ಹೋಗುತ್ತದೆ. ಇಳಿ ಬಿಸಿಲು ತೂತಿನಲ್ಲಿ ನುಸುಳಿದರೂ ಬೀಳುವುದು ಪಡಸಾಲೆ ನೆಲಕ್ಕೆ, ಒಳಕೋಣೆಗೆ ಅಲ್ಲ. ಹವಾ ಮಹಲ್‌ನಲ್ಲೂ ಝರೋಕಾ, ಅಂದರೆ ಕಿಟಕಿಯ ಗೂಡು, ಗೋಡೆಯಿಂದ ಮುಂದಕ್ಕೆ ಚಾಚಿದೆ.

ಕಲಬುರಗಿಯವರೇ, ನಿಮಗೆ ಬೇಕಾದ ದಾರಿ ಇಲ್ಲೇ ಇದೆ. ಜಾಲಿಯನ್ನು ಕಿಟಕಿಗೆ ಅಂಟಿಸಬೇಡಿ. ಎರಡು ಮೂರು ಅಡಿ ಹೊರಗೆ ನಿಲ್ಲಿಸಿ, ಮೇಲೆ ಸಜ್ಜೆ ಹಾಕಿ. ಕಬ್ಬಿಣ ಬಿಟ್ಟು ಸಿಮೆಂಟ್ ಅಥವಾ ಸುಟ್ಟ ಮಣ್ಣಿನ ಜಾಲಿ ಬ್ಲಾಕ್ ತೊಗೊಳ್ಳಿ, ನಾಲ್ಕು ಇಂಚು ಆಳದ್ದು ಸಿಗುತ್ತದೆ. ತೂತು ಮೂರು ಇಂಚಿನ ಒಳಗಿರಲಿ. 5 ಗಂಟೆ ಮೇಲಿನ ಬಿಸಿಲಿಗೆ ಬೇಕಾದರೆ ಒಂದು ಬಿದಿರಿನ ಪರದೆ ಇಳಿಬಿಡಿ.

ಕಲಬುರಗಿ_ಬಿಸಿಲು
ಮೂರು ಅಡಿ ಹೊರಗೆ ಅಂದರೆ ಪಕ್ಕದ ಮನೆ ಕಾಕಾರ ಜಾಗ ಬರುತ್ತದ್ರಿ. ಅವರು ಮೊದಲೇ ನಮ್ಮ ಮ್ಯಾಲೆ ಸಿಟ್ಟಾಗಿದ್ದಾರೆ. ಒಂದೂವರೆ ಅಡಿ ಸಾಕಾ?

ಗಾಳಿಲೆಕ್ಕ
ಸಾಕು. ಇಲ್ಲದಿರುವುದಕ್ಕಿಂತ ಒಳ್ಳೇದು.

ನಿವೃತ್ತಮೇಷ್ಟ್ರು
ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ರಾತ್ರಿಯೆಲ್ಲ ತಣ್ಣಗಾದ ಎರಡು ಇಂಚು ಕಲ್ಲಿನ ಸುರಂಗದಲ್ಲಿ ಹಾದು ಬರುವ ಗಾಳಿ ಬೆಳಿಗ್ಗೆ ಕಲ್ಲಿಗೆ ತಾಗಿ ತಣ್ಣಗಾಗಲೇಬೇಕು. ಕಲ್ಲಿನ ಮೈ ಜಾಸ್ತಿ, ಗಾಳಿ ಕಮ್ಮಿ. ಇದಕ್ಕೇನು ಹೇಳುತ್ತೀರಿ?

ಗಾಳಿಲೆಕ್ಕ
ಇದು ವೆಂಚುರಿಗಿಂತ ಒಳ್ಳೆ ವಾದ ಸಾರ್. ಬೆಳಿಗ್ಗೆ ಸ್ವಲ್ಪ ಹೊತ್ತು ಆಗಬಹುದು. ಆದರೆ ಎರಡು ಇಂಚು ಕಲ್ಲು ಬಹಳ ತಂಪು ಹಿಡಿದಿಡುವುದಿಲ್ಲ, ಪೂರ್ವದ ಬಿಸಿಲು ಬಿದ್ದರೆ ಬೇಗ ಕಾಯುತ್ತದೆ. ಆಮೇಲೆ ಅದೇ ಸುರಂಗ ಗಾಳಿಗೆ ಬಿಸಿ ಕೊಡುತ್ತದೆ. ಯಾವ ಹೊತ್ತಿಗೆ ಆ ಕಡೆಯಿಂದ ಈ ಕಡೆಗೆ ತಿರುಗುತ್ತದೆ ಅನ್ನುವುದು ಅಳೆದರೇ ಗೊತ್ತಾಗಬೇಕು.

ಪಿಂಕ್‌ಸಿಟಿ_ಕನ್ನಡಿಗ
ಭಾನುವಾರ ಬೆಳಿಗ್ಗೆ ಬೇಗ ಹೋಗುತ್ತೇನೆ. ಟಿಶ್ಯೂ ಪಟ್ಟಿ, ಥರ್ಮಾಮೀಟರ್ ಎರಡೂ ಒಯ್ಯುತ್ತೇನೆ. ಕಲ್ಲಿನ ಒಳಮೈಗೆ ಕೈ ಇಟ್ಟೂ ನೋಡುತ್ತೇನೆ. ಕಾವಲುಗಾರ ಬೈದರೆ ಮೇಷ್ಟ್ರ ಹೆಸರು ಹೇಳುತ್ತೇನೆ.

ಕಡಲತಡಿ
ಜಾಲಿ ಹಾಕಿಸುವವರು ಸೊಳ್ಳೆಗೆ ಏನು ಮಾಡುತ್ತೀರಿ? ಹಿಂದೆ ನೆಟ್ ಹಾಕಿದರೆ ಗಾಳಿ ಅರ್ಧಕ್ಕರ್ಧ ಹೋಯಿತು ಅನ್ನಿಸುತ್ತದೆ ನಮ್ಮಲ್ಲಿ. ಬಲೆಯಲ್ಲಿ ಧೂಳು ಕೂತರೆ ಇನ್ನೂ ಕಮ್ಮಿ.

ಕಲಬುರಗಿ_ಬಿಸಿಲು
ನಮ್ಮ ಕಡೆ ಸೊಳ್ಳೆಗಿಂತ ಧೂಳೇ ಜಾಸ್ತಿ. ನೆಟ್ ಹಾಕಿಸಿ ವಾರಕ್ಕೊಮ್ಮೆ ತೊಳೆಯುವುದು ಅಂತ ಮನೆಯವಳು ಹೇಳಿದಳು. ತೊಳೆಯುವುದು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ.